ಹಸಿ ಹಿಡಿಯುವ ಹೊರಗೋಡೆಗೆ ಯಾವ ಪ್ರೈಮರ್, ಪುಟ್ಟಿ ಬೇಕಾ ಬೇಡವಾ, ಎಷ್ಟು ಕೋಟ್ ಪೇಂಟ್?

ಮಳೆಗಾಲ ಮುಗಿದ ಕೂಡಲೇ ಉಡುಪಿ, ಕುಂದಾಪುರ, ಪುತ್ತೂರು ಕಡೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹೊರಗಿನ ಗೋಡೆ ಹಸಿ ಹಿಡಿದಿದೆ, ಬಣ್ಣ ಎದ್ದು ಬರುತ್ತಿದೆ. ಅಂಗಡಿಯವರು ವಾಟರ್‌ಪ್ರೂಫ್ ಪೇಂಟ್ ಹಾಕಿ ಅಂತಾರೆ, ಪೇಂಟರ್ ಎರಡು ಕೋಟ್ ಪುಟ್ಟಿ ಎಳೆದರೆ ಮಾತ್ರ ನೀಟಾಗಿ ಬರುತ್ತೆ ಅಂತಾರೆ, ಪಕ್ಕದ ಮನೆಯವರು ನಮ್ಮದು ಬರೀ ಸಿಮೆಂಟ್ ಪೇಂಟು, ಏನೂ ಆಗಿಲ್ಲ ಅಂತಾರೆ. ಯಾರ ಮಾತು ಕೇಳುವುದು? ನಿಜ ಹೇಳಬೇಕೆಂದರೆ ಅಂಗಡಿಯವರ ಮಾತು ಒಂದು ಬಗೆಯ ಗೋಡೆಗೆ ಸರಿ, ಪಕ್ಕದ ಮನೆಯವರ ಮಾತು ಇನ್ನೊಂದು ಬಗೆಯ ಗೋಡೆಗೆ ಸರಿ. ಪುಟ್ಟಿಯ ಮಾತು ಮಾತ್ರ ನಮ್ಮ ಕಡೆಯ ಹೊರಗೋಡೆಗೆ ಅಪರೂಪಕ್ಕೆ ಸರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಲ್ಲಿ ಬರೆಯುತ್ತಿರುವುದು ಕರಾವಳಿ ಮತ್ತು ಮಲೆನಾಡಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಸಿಮೆಂಟ್ ಸಾರಣೆ, ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಅಥವಾ ಇನ್ನೂ ಜಾಸ್ತಿ ಮಳೆ, ಅದೂ ಗಾಳಿಯ ಜೊತೆ ಪಡುವಣದಿಂದ ಗೋಡೆಗೇ ಹೊಡೆಯುವ ಮಳೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದೆಲ್ಲ ಸೇರಿದರೂ ಅದರ ಮೂರನೇ ಒಂದು ಪಾಲಿನಷ್ಟೂ ಆಗುವುದು ಕಷ್ಟ. ಹಾಗಾಗಿ ಅಲ್ಲಿಯ ಅನುಭವ ನೋಡಿ ಇಲ್ಲಿಗೆ ಪೇಂಟ್ ಆರಿಸಿದರೆ ಲೆಕ್ಕ ತಪ್ಪುತ್ತದೆ.

ನೀರು ಎಲ್ಲಿಂದ ಬರುತ್ತಿದೆ?

ಡಬ್ಬ ಕೊಳ್ಳುವ ಮೊದಲು ಗೋಡೆಯನ್ನು ಓದಬೇಕು. ಹೊರಗೋಡೆಗೆ ನೀರು ಮೂರು ಕಡೆಯಿಂದ ಬರುತ್ತದೆ. ಮೇಲಿನಿಂದ, ಅಂದರೆ ಪ್ಯಾರಪೆಟ್‌ನ ತಲೆ, ಸಜ್ಜಾ ಗೋಡೆಗೆ ಸೇರುವ ಸಂದು, ತಾರಸಿಯ ನೀರಿನ ಪೈಪ್ ಹೊರಬರುವ ತೂತು. ಎದುರಿನಿಂದ, ಅಂದರೆ ಸಾರಣೆಯ ಬಿರುಕಿನೊಳಗೆ ಮಳೆ ನುಗ್ಗುವುದು. ಇನ್ನೊಂದು ಕೆಳಗಿನಿಂದ, ಅಡಿಪಾಯದ ಮಣ್ಣಿನ ತೇವವನ್ನು ಗೋಡೆ ಮೇಲಕ್ಕೆ ಹೀರುವುದು.

ಕೆಳಗಿನದನ್ನು ಗುರುತಿಸುವುದು ಸುಲಭ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಬಣ್ಣ ಉದುರಿರುತ್ತದೆ, ಬಿಳಿ ಉಪ್ಪಿನ ಪುಡಿ ಕಾಣುತ್ತದೆ, ಫೆಬ್ರುವರಿಯಲ್ಲೂ ಅಲ್ಲಿ ಕೈ ಇಟ್ಟರೆ ತಣ್ಣಗಿರುತ್ತದೆ. ಮಾಡಿನ ನೀರು ನೆಲಕ್ಕೆ ಬಿದ್ದು ಸಿಡಿದೂ ಕೆಳಭಾಗ ಒದ್ದೆಯಾಗುತ್ತದೆ, ಆದರೆ ಅದು ಡಿಸೆಂಬರ್ ಹೊತ್ತಿಗೆ ಒಣಗುತ್ತದೆ, ಉಪ್ಪೂ ಅಷ್ಟಾಗಿ ಬರುವುದಿಲ್ಲ. ಪ್ಯಾರಪೆಟ್‌ನಿಂದ ಬರುವ ನೀರು ಮೇಲಿನಿಂದ ನಾಲಿಗೆ ಚಾಚಿದ ಹಾಗೆ ಇಳಿದಿರುತ್ತದೆ. ಬಿರುಕಿನ ನೀರಾದರೆ ಬಿರುಕಿನ ಸುತ್ತ ಕಲೆ ಇರುತ್ತದೆ, ಒಳಗಿನ ಕೋಣೆಯಲ್ಲೂ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಅನುಮಾನವಿದ್ದರೆ ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಗೋಡೆಯ ಕಡೆಯ ಮುಖದಲ್ಲಿ ಬೆವರು ಕಟ್ಟಿದರೆ ಗೋಡೆಯೊಳಗೆ ಇನ್ನೂ ನೀರಿದೆ ಅಂತ ಅರ್ಥ, ಆಗ ಆವಿ ತಡೆಯುವ ಯಾವ ಪೇಂಟನ್ನೂ ಹಚ್ಚಬೇಡಿ.

ಇನ್ನೊಂದು ಪರೀಕ್ಷೆಯನ್ನು ತುಂಬ ಜನ ಮಾಡುವುದೇ ಇಲ್ಲ. ಎದ್ದು ಬಂದ ಬಣ್ಣದ ಒಂದು ಚಕ್ಕೆಯನ್ನು ತೆಗೆದು ಹಿಂಬದಿ ನೋಡಿ. ಹಿಂಬದಿಯಲ್ಲಿ ಬಿಳಿ ಪುಡಿ ದಪ್ಪವಾಗಿ ಅಂಟಿಕೊಂಡಿದ್ದರೆ ಸೋತದ್ದು ಪುಟ್ಟಿ. ಮರಳು ಅಂಟಿಕೊಂಡಿದ್ದರೆ ಸಾರಣೆಯೇ ಪುಡಿಯಾಗಿದೆ, ಅಲ್ಲಿ ಮೊದಲು ಗಾರೆ ಕೆಲಸ ಆಗಬೇಕು. ಹಿಂಬದಿ ನುಣ್ಣಗೆ ಸ್ವಚ್ಛವಾಗಿದ್ದರೆ ಧೂಳಿನ ಮೇಲೆಯೋ ಹಳೆಯ ನುಣುಪು ಬಣ್ಣದ ಮೇಲೆಯೋ ಹಚ್ಚಿದ್ದಾರೆ, ಅಥವಾ ಪ್ರೈಮರ್ ಹಾಕಿಲ್ಲ. ಒಂದು ಚಕ್ಕೆಯಿಂದ ಹೋದ ಸಲದ ಕೆಲಸದ ಕಥೆ ಪೂರ್ತಿ ಗೊತ್ತಾಗುತ್ತದೆ.

ಯಾವುದನ್ನು ಇಟ್ಟುಕೊಂಡು ತೂಗುವುದು

ನಾನು ನೋಡುವುದು ನಾಲ್ಕು ವಿಷಯ. ಹೊರಗಿನ ಮಳೆ ನೀರನ್ನು ತಡೆಯುತ್ತದಾ? ಒಳಗಿರುವ ತೇವ ಆವಿಯಾಗಿ ಹೊರಗೆ ಹೋಗಲು ಬಿಡುತ್ತದಾ? ಈಗ ಗೋಡೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದಾ? ಮತ್ತೆ ಎಷ್ಟು ವರ್ಷಕ್ಕೆ ಪುನಃ ಸಾರುವೆ ಕಟ್ಟಬೇಕಾಗುತ್ತದೆ? ಮೊದಲ ಎರಡು ಒಂದಕ್ಕೊಂದು ಎಳೆದಾಡುತ್ತವೆ. ನೀರನ್ನು ಚೆನ್ನಾಗಿ ತಡೆಯುವ ದಪ್ಪ ಪದರ ಸಾಮಾನ್ಯವಾಗಿ ಆವಿಯನ್ನೂ ತಡೆಯುತ್ತದೆ. ಮಳೆ ಎದುರಿನಿಂದ ಬರುವ ಗೋಡೆಗೆ ಅದು ಒಳ್ಳೆಯದು, ಕೆಳಗಿನಿಂದ ತೇವ ಏರುವ ಗೋಡೆಗೆ ಅದೇ ಕೆಟ್ಟದ್ದು.

ನಾಲ್ಕನೆಯದನ್ನು ಬಜೆಟ್ ಅಂತ ತಿಳಿಯಿರಿ. ಎರಡಂತಸ್ತಿನ ಮನೆಯಲ್ಲಿ ಸಾರುವೆ, ಕೂಲಿ, ಹಳೆ ಬಣ್ಣ ಕೆರೆಯುವುದು, ಇವುಗಳ ಖರ್ಚು ಯಾವ ಪೇಂಟ್ ಹಾಕಿದರೂ ಒಂದೇ. ಹಾಗಾಗಿ ಡಬ್ಬದ ರೇಟಿನಲ್ಲಿ ಉಳಿಸಿದ್ದು ಮೂರು ವರ್ಷಕ್ಕೆ ಕೂಲಿಯಲ್ಲಿ ಹೋಗುತ್ತದೆ. ಏಣಿ ಇಟ್ಟು ಮನೆಯವರೇ ಹಚ್ಚಬಹುದಾದ ಒಂದಂತಸ್ತಿನ ಮನೆಗೆ ಈ ಲೆಕ್ಕ ಬೇರೆ, ಅಲ್ಲಿ ಅಗ್ಗದ ಪೇಂಟ್ ಬೇಗ ಬೇಗ ಹಚ್ಚುವುದೂ ನಡೆಯುತ್ತದೆ.

ಪುಟ್ಟಿ

ಹೊರಗೋಡೆಗೆ ಪುಟ್ಟಿ ಅಂದರೆ ಬಿಳಿ ಸಿಮೆಂಟಿನ ಪುಟ್ಟಿ ಒಂದೇ. ಡಬ್ಬದಲ್ಲಿ ಪೇಸ್ಟ್ ಆಗಿ ಬರುವ ಅಕ್ರಿಲಿಕ್ ಪುಟ್ಟಿ ಒಳಗೋಡೆಗೆ ಮಾಡಿದ್ದು, ನೀರು ತಾಗುವ ಜಾಗದಲ್ಲಿ ಅದು ಮೆತ್ತಗಾಗಿ ಉಬ್ಬುತ್ತದೆ. ಪೇಂಟರ್ ಅಲ್ಲೇ ಸೀಮೆಸುಣ್ಣದ ಪುಡಿ, ಅಂಟು ಕಲಸಿ ಮಾಡುವ ಪುಟ್ಟಿಯನ್ನಂತೂ ಹೊರಗೆ ಮುಟ್ಟಿಸಲೇಬೇಡಿ.

ಬಿಳಿ ಸಿಮೆಂಟ್ ಪುಟ್ಟಿಯನ್ನು ಹೊರಗೆ ಹಾಕಬಹುದು ಅಂತ ಚೀಲದ ಮೇಲೆ ಬರೆದಿರುತ್ತದೆ. ಅದು ಸುಳ್ಳಲ್ಲ. ಆದರೆ ಅದು ಸಿಮೆಂಟ್ ಆದ್ದರಿಂದ ಗಟ್ಟಿಯಾಗಲು ನೀರು ಬೇಕು. ಬಿಸಿಲಿಗೆ ಕಾದ ಒಣ ಗೋಡೆಯ ಮೇಲೆ ಎಳೆದರೆ ಗೋಡೆಯೇ ಅದರ ನೀರನ್ನು ಕುಡಿದುಬಿಡುತ್ತದೆ. ಮೇಲೆ ನುಣ್ಣಗೆ ಕಂಡರೂ ಒಳಗೆ ಪುಡಿಯಾಗಿಯೇ ಉಳಿಯುತ್ತದೆ. ಹಾಕುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ಕಲಸಿದ ಪುಟ್ಟಿಯನ್ನು ಎರಡು ಮೂರು ಗಂಟೆಯೊಳಗೆ ಮುಗಿಸಬೇಕು, ಎರಡು ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ಆಸುಪಾಸಿಗಿಂತ ದಪ್ಪ ಮಾಡಬಾರದು. ಗೋಡೆಯ ಉಬ್ಬುತಗ್ಗು ಮುಚ್ಚಲು ದಪ್ಪ ಎಳೆದದ್ದೇ ಮೊದಲು ಕಳಚಿ ಬೀಳುತ್ತದೆ.

ಇದೆಲ್ಲ ಸರಿಯಾಗಿ ಮಾಡಿದರೂ ಪಡುವಣ ಗೋಡೆಯಲ್ಲಿ ತೊಂದರೆ ಇನ್ನೊಂದಿದೆ. ಸಾರಣೆಗೂ ಪೇಂಟಿಗೂ ನಡುವೆ ನುಣುಪಾದ, ನೀರು ಹೀರುವ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಎಲ್ಲೋ ಒಂದು ಬಿರುಕಿನಿಂದ ನೀರು ಒಳಗೆ ಹೋದರೆ ಅದು ಈ ಪದರದಲ್ಲಿ ಹರಡುತ್ತದೆ. ಪ್ರತಿ ಮಳೆಗಾಲಕ್ಕೆ ನೆನೆದು, ಬೇಸಿಗೆಗೆ ಒಣಗಿ, ಮೂರನೆಯ ನಾಲ್ಕನೆಯ ವರ್ಷಕ್ಕೆ ತಟ್ಟೆಯಗಲ ಬಣ್ಣ ಪುಟ್ಟಿಯ ಸಮೇತ ಬೀಳುತ್ತದೆ. ಸಾರಣೆಯ ಒರಟು ಮೈ ಪ್ರೈಮರನ್ನು ಹಿಡಿದುಕೊಳ್ಳುವಷ್ಟು ಗಟ್ಟಿಯಾಗಿ ಪುಟ್ಟಿಯ ನುಣುಪು ಹಿಡಿಯುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಮಳೆ ಹೊಡೆಯುವ ಗೋಡೆಗೆ ಪೂರ್ತಿ ಪುಟ್ಟಿ ಬೇಡ. ಸಣ್ಣ ಗುಳಿ, ಮೊಳೆ ತೂತು ಇದ್ದಲ್ಲಿ ಮಾತ್ರ ಹಾಕಿ. ಬಿರುಕಿಗೂ ಪುಟ್ಟಿ ತುಂಬಬೇಡಿ, ಅದು ಬಾಗುವುದಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ಮೊಳೆಯಿಂದಲೋ ಸ್ಕ್ರೇಪರ್‌ನಿಂದಲೋ ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಹೊರಗೋಡೆಗೆ ಅಂತಲೇ ಬರುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ. ಜೋರು ಅಗಲದ ಬಿರುಕಾದರೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆಯೇ ಆಗಬೇಕು. ಮನೆಯ ಮುಂಭಾಗ ಮಾಡಿನ ಕೆಳಗೆ, ಜಗಲಿಯ ಒಳಗೆ ಇದ್ದು ಮಳೆ ತಾಗದಿದ್ದರೆ ಅಲ್ಲಿ ಪುಟ್ಟಿ ಹಾಕಿಸಿಕೊಳ್ಳಿ, ಅಂದಕ್ಕೆ ಅಂದ, ಬಾಳಿಕೆಗೂ ತೊಂದರೆ ಇಲ್ಲ.

ಪ್ರೈಮರ್

ಪುಟ್ಟಿಯಲ್ಲಿ ಉಳಿದ ದುಡ್ಡನ್ನು ಇಲ್ಲಿ ಹಾಕಿ. ಹೊರಗೋಡೆಗೆ ಅಂತಲೇ ಬರುವ ನೀರಿನಲ್ಲಿ ಬೆರೆಸುವ ಅಕ್ರಿಲಿಕ್ ಪ್ರೈಮರ್ ಹೆಚ್ಚಿನ ಮನೆಗಳಿಗೆ ಸರಿಯಾದ ಆಯ್ಕೆ. ಸಿಮೆಂಟಿನ ಕ್ಷಾರವನ್ನು ಅದು ತಡೆದುಕೊಳ್ಳುತ್ತದೆ, ಸಾರಣೆಯ ಸಣ್ಣ ರಂಧ್ರದೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಆವಿಯನ್ನೂ ಸ್ವಲ್ಪ ಮಟ್ಟಿಗೆ ಹೊರಗೆ ಬಿಡುತ್ತದೆ. ಅದಕ್ಕಿಂತ ಅಗ್ಗದ ಸಾಮಾನ್ಯ ಸಿಮೆಂಟ್ ಪ್ರೈಮರ್ ಒಳಗೋಡೆಗೆ ಸಾಕು, ಹೊರಗೆ ಮಳೆ ತಾಗದ ಬದಿಗೂ ನಡೆಯುತ್ತದೆ.

ಥಿನ್ನರ್ ಹಾಕಿ ಕಲಸುವ ಆಯಿಲ್ ಪ್ರೈಮರ್ ಬಗ್ಗೆ ಕೆಲವು ಪೇಂಟರ್‌ಗಳಿಗೆ ತುಂಬ ನಂಬಿಕೆ, ಗೋಡೆ ಸೀಲ್ ಆಗುತ್ತೆ ಅಂತ. ಸೀಲ್ ಆಗುವುದು ನಿಜ, ಅದೇ ತೊಂದರೆ. ಗೋಡೆಯೊಳಗೆ ತೇವ ಇದ್ದರೆ ಅದರ ಹಿಂದೆ ಸಿಕ್ಕಿಕೊಂಡು ಗುಳ್ಳೆ ಎಬ್ಬಿಸುತ್ತದೆ. ಹಸಿ ಗೋಡೆಗೆ ಅದು ಬೇಡ. ಬಿಳಿ ಸಿಮೆಂಟಿನ ನೀರನ್ನೇ ಪ್ರೈಮರ್ ಅಂತ ಬಳಿಯುವ ರೂಢಿಯೂ ಇದೆ. ಹೊಸ ಸಾರಣೆಯ ಮೇಲೆ ಬಳಿದು ಎರಡು ಮೂರು ದಿನ ನೀರು ಹೊಡೆದರೆ ಕಚ್ಚಿಕೊಳ್ಳುತ್ತದೆ, ಆದರೆ ಹಳೆ ಬಣ್ಣದ ಮೇಲೆ ಬಳಿದರೆ ಸುಮ್ನೆ ಪುಡಿಯಾಗಿ ಕೂರುತ್ತದೆ. ಅದರ ಮೇಲಿನ ದುಬಾರಿ ಪೇಂಟೂ ಜೊತೆಗೇ ಹೋಗುತ್ತದೆ.

ಪ್ರೈಮರ್ ಒಂದು ಕೋಟ್ ಸಾಕು. ಅಂಗೈಯಿಂದ ಗೋಡೆ ಉಜ್ಜಿದಾಗ ಕೈಗೆ ಬಿಳಿ ಪುಡಿ ಹತ್ತಿದರೆ ಇಡೀ ಗೋಡೆಗೆ ಪ್ರೈಮರ್ ಬೇಕೇ ಬೇಕು, ಅದಕ್ಕೂ ಮೊದಲು ತೊಳೆದು ಒಣಗಿಸಬೇಕು. ಹಳೆಯ ಪೇಂಟ್ ಗಟ್ಟಿಯಾಗಿದ್ದು, ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ ಎಳೆದರೂ ಕಿತ್ತು ಬರದಿದ್ದರೆ, ಕೆರೆದ ತೇಪೆಗಳಿಗೆ ಮಾತ್ರ ಪ್ರೈಮರ್ ಹಾಕಿದರೂ ನಡೆಯುತ್ತದೆ. ಹೊಸ ಸಾರಣೆಯಾದರೆ ಕನಿಷ್ಠ 28 ದಿನ ಬಿಡಿ. ನಮ್ಮ ಹವೆಯಲ್ಲಿ ಇನ್ನೂ ಜಾಸ್ತಿ ಬಿಟ್ಟರೆ ಒಳ್ಳೆಯದು.

ಪೇಂಟ್

ಸಿಮೆಂಟ್ ಪೇಂಟ್ ಎಲ್ಲಕ್ಕಿಂತ ಅಗ್ಗ. ಪುಡಿಯಾಗಿ ಬರುತ್ತದೆ, ನೀರಿಗೆ ಕಲಸಿ ಒದ್ದೆ ಮಾಡಿದ ಗೋಡೆಗೆ ಎರಡು ಕೋಟ್ ಹಚ್ಚಿ, ಮೂರ್ನಾಲ್ಕು ದಿನ ನೀರು ಚಿಮುಕಿಸಬೇಕು. ಅದರ ದೊಡ್ಡ ಗುಣ ಆವಿಯನ್ನು ಹೊರಗೆ ಬಿಡುವುದು, ಹಾಗಾಗಿ ಗುಳ್ಳೆ ಏಳುವುದಿಲ್ಲ. ಪಕ್ಕದ ಮನೆಯವರ ಗೋಡೆಗೆ ಏನೂ ಆಗದಿರುವುದು ಅದಕ್ಕೇ. ಆದರೆ ಬಿರುಕನ್ನು ಮುಚ್ಚುವ ಶಕ್ತಿ ಇಲ್ಲ, ಮಳೆ ನೀರನ್ನು ಸ್ವಲ್ಪ ಹೀರುತ್ತದೆ, ಪಾಚಿ ಬೇಗ ಹಿಡಿಯುತ್ತದೆ, ಎರಡು ಮೂರು ವರ್ಷಕ್ಕೆ ಮಾಸುತ್ತದೆ. ಇನ್ನೊಂದು ಗಟ್ಟಿ ನಿಯಮ: ಎಮಲ್ಷನ್ ಇರುವ ಗೋಡೆಯ ಮೇಲೆ ಇದು ಹಿಡಿಯುವುದಿಲ್ಲ, ಸಾರಣೆ ಕಾಣುವವರೆಗೆ ಕೆರೆಯಬೇಕು.

ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್‌ನಲ್ಲಿ ಅಗ್ಗದ್ದೂ ಇದೆ, ಪ್ರೀಮಿಯಂ ಅನ್ನುವುದೂ ಇದೆ. ವ್ಯತ್ಯಾಸ ಬರೀ ಹೊಳಪಿನದ್ದಲ್ಲ. ಒಳ್ಳೆಯದರಲ್ಲಿ ಅಂಟಿನ ಅಂಶ ಜಾಸ್ತಿ, ಪುಡಿಯ ಅಂಶ ಕಡಿಮೆ, ಪಾಚಿ ತಡೆಯುವ ಔಷಧವೂ ಇರುತ್ತದೆ. ಪಡುವಣ ಗೋಡೆಯಲ್ಲಿ ಅಗ್ಗದ್ದು ಮೂರು ವರ್ಷಕ್ಕೆ ಕೈಗೆ ಹತ್ತಲು ಶುರುವಾಗುತ್ತದೆ, ಒಳ್ಳೆಯದು ಐದಾರು ವರ್ಷ ಬರುತ್ತದೆ. ದುಡ್ಡು ಸಾಲದಿದ್ದರೆ ಪಡುವಣ ಮತ್ತು ತೆಂಕಣ ಗೋಡೆಗೆ ಒಳ್ಳೆಯದು, ಉಳಿದೆರಡಕ್ಕೆ ಮಧ್ಯಮ ದರದ್ದು ಅಂತ ಹಂಚಬಹುದು. ಬದಲಾವಣೆ ಮನೆಯ ಮೂಲೆಯಲ್ಲೇ ಆಗಲಿ, ಗೋಡೆಯ ನಡುವೆ ಬೇಡ, ಒಂದೇ ಬಣ್ಣವಾದರೂ ಹೊಳಪು ಬೇರೆ ಕಾಣುತ್ತದೆ.

ಮೂರನೆಯದು ಎಲಾಸ್ಟೊಮೆರಿಕ್ ಕೋಟಿಂಗ್, ಅಂಗಡಿಯಲ್ಲಿ ವಾಟರ್‌ಪ್ರೂಫ್ ಪೇಂಟ್ ಅಂತ ಕೊಡುವುದು. ಒಣಗಿದ ಮೇಲೆ ರಬ್ಬರಿನಂತೆ ಎಳೆಯುವ ದಪ್ಪ ಪದರ. ಕೂದಲೆಳೆಯ ಬಿರುಕುಗಳ ಮೇಲೆ ಸೇತುವೆಯಾಗಿ ನಿಲ್ಲುತ್ತದೆ, ಬಿಸಿಲಿಗೆ ಬಿರುಕು ಹಿಗ್ಗಿ ಕುಗ್ಗಿದರೂ ಹರಿಯುವುದಿಲ್ಲ. ಎದುರಿನಿಂದ ಹೊಡೆಯುವ ಮಳೆಗೆ ಇದಕ್ಕಿಂತ ಒಳ್ಳೆಯದು ಪೇಂಟಿನಲ್ಲಿ ಇಲ್ಲ. ದುಬಾರಿ, ಅದಕ್ಕಿಂತ ಮುಖ್ಯವಾಗಿ ಒಂದು ಲೀಟರ್ ಹರಡುವ ಜಾಗ ಎಮಲ್ಷನ್‌ನ ಅರ್ಧದಷ್ಟೇ. ಪೇಂಟರ್ ಕೈಯಲ್ಲಿ ನೀರು ಜಾಸ್ತಿ ಬೆರೆಸಿ ಎಮಲ್ಷನ್‌ನಷ್ಟೇ ಎಳೆಸಿದರೆ ಅದರ ಗುಣವೇ ಹೋಯಿತು, ದಪ್ಪದಲ್ಲೇ ಅದರ ಕೆಲಸ ಇರುವುದು.

ಅದು ಎಲ್ಲಿ ಬೇಡ ಅಂತಲೂ ತಿಳಿದಿರಬೇಕು. ನೆಲದಿಂದ ತೇವ ಏರುವ ಕೆಳಭಾಗಕ್ಕೆ ಅದನ್ನು ಹಚ್ಚಿದರೆ ಹೊರಗೆ ಹೋಗುತ್ತಿದ್ದ ಆವಿ ನಿಲ್ಲುತ್ತದೆ. ನೀರು ಗೋಡೆಯಲ್ಲಿ ಇನ್ನೂ ಮೇಲಕ್ಕೆ ಏರುತ್ತದೆ, ಅಥವಾ ಒಳಗಿನ ಕೋಣೆಯ ಕಡೆ ಹೊರಡುತ್ತದೆ. ಪ್ಯಾರಪೆಟ್‌ನ ತಲೆ ಸರಿಮಾಡದೆ ಕೆಳಗಿನ ಗೋಡೆಗೆ ಮಾತ್ರ ಹಚ್ಚಿದರೂ ಹಾಗೆಯೇ, ಮೇಲಿನಿಂದ ಇಳಿದ ನೀರು ಪದರದ ಹಿಂದೆ ತುಂಬಿ ಚೀಲದಂತೆ ಜೋತುಬೀಳುತ್ತದೆ.

ಕೋಟ್ ಎಷ್ಟು

ಗಟ್ಟಿ ಗೋಡೆಗೆ ಒಂದು ಪ್ರೈಮರ್, ಎರಡು ಎಮಲ್ಷನ್. ಮಳೆ ಹೊಡೆಯುವ ಗೋಡೆಗೆ ಒಂದು ಪ್ರೈಮರ್, ಮೂರು ಎಮಲ್ಷನ್. ಮೂರನೆಯ ಕೋಟ್ ಬಣ್ಣ ತುಂಬಲಿಕ್ಕಲ್ಲ. ಒರಟು ಸಾರಣೆಯ ಮರಳಿನ ತುದಿಗಳ ಮೇಲೆ ಪೇಂಟ್ ತೆಳ್ಳಗೆ ಕೂರುತ್ತದೆ, ಅಲ್ಲಿಂದಲೇ ನೀರು ಒಳಹೋಗುತ್ತದೆ, ಆ ತುದಿಗಳು ಮುಚ್ಚಲಿ ಅಂತ. ಎಲಾಸ್ಟೊಮೆರಿಕ್ ಆದರೆ ಡಬ್ಬದಲ್ಲಿ ಹೇಳಿದ ಪ್ರೈಮರ್ ಅಥವಾ ತೆಳು ಮಾಡಿದ ಮೊದಲ ಕೋಟ್, ಮೇಲೆ ಎರಡು ದಪ್ಪ ಕೋಟ್. ಸಿಮೆಂಟ್ ಪೇಂಟಿಗೆ ಎರಡು ಸಾಕು, ಮೂರನೆಯದು ಪುಡಿಯಾಗುತ್ತದೆ.

ಕೋಟ್ ಲೆಕ್ಕಕ್ಕಿಂತ ನೀರಿನ ಲೆಕ್ಕ ನೋಡಿ. ತುಂಬ ನೀರು ಹಾಕಿದ ನಾಲ್ಕು ಕೋಟ್ ಅಳತೆಗೆ ಸರಿಯಾದ ಎರಡು ಕೋಟಿಗೆ ಸಮ ಬರುವುದಿಲ್ಲ. ಡಬ್ಬದ ಮೇಲೆ ಹೇಳಿದಷ್ಟೇ ನೀರು ಹಾಕಿಸಿ. ಎರಡು ಕೋಟ್ ನಡುವೆ ನಾಲ್ಕು ಗಂಟೆ ಅಂತ ಬರೆದಿದ್ದರೂ ಕರಾವಳಿಯ ಆರ್ದ್ರ ಹವೆಯಲ್ಲಿ ಒಂದು ರಾತ್ರಿ ಬಿಡುವುದು ಕ್ಷೇಮ.

ಒಂದು ಗೋಡೆಯ ಲೆಕ್ಕ

ಕುಂದಾಪುರದ ಕಡೆಯ ಎರಡಂತಸ್ತಿನ ಮನೆ ಅಂದುಕೊಳ್ಳಿ. ಪಡುವಣ ಗೋಡೆ 30 ಅಡಿ ಅಗಲ, 20 ಅಡಿ ಎತ್ತರ, ಕಿಟಕಿ ಕಳೆದು 540 ಚದರಡಿ. ಕೆಳಗೆ ಎರಡಡಿ ಉಪ್ಪು ಎದ್ದಿದೆ, ಮೇಲೆ ಕೂದಲೆಳೆಯ ಬಿರುಕುಗಳ ಬಲೆ, ಸಜ್ಜಾದ ಕೆಳಗೆ ಕಪ್ಪು ಪಾಚಿ.

ಪಾಚಿಗೆ 10 ಲೀಟರ್ ನೀರಿಗೆ ಅರ್ಧ ಕೆಜಿ ಬ್ಲೀಚಿಂಗ್ ಪೌಡರ್ ಕಲಸಿ ಬಳಿದು, ಒಂದು ರಾತ್ರಿ ಬಿಟ್ಟು, ಉಜ್ಜಿ ತೊಳೆಯಬೇಕು. ಕೈಗೆ ಗ್ಲೌಸ್ ಇರಲಿ, ಆಸಿಡ್ ಜೊತೆ ಬೆರೆಸಲೇಬಾರದು. ಉಪ್ಪಿಗೆ ಮಾತ್ರ ನೀರು ಹಾಕಬೇಡಿ, ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ತಂತಿ ಬ್ರಷ್‌ನಿಂದ ಉಜ್ಜಿ ಪುಡಿಯನ್ನು ಗುಡಿಸಿ ಆಚೆ ಹಾಕಿ. ಆಮೇಲೆ ಪ್ಯಾರಪೆಟ್‌ನ ತಲೆ, ಸಜ್ಜಾದ ಸಂದು, ಬಿರುಕುಗಳ ಕೆಲಸ. ಗೋಡೆಗೆ ತಾಗಿ ಮಣ್ಣು ರಾಶಿ ಬಿದ್ದಿದ್ದರೆ ತಗ್ಗಿಸಿ.

ಕೆಳಗಿನ ಮೂರಡಿಯನ್ನು, ಅಂದರೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ, ಸಾರಣೆ ಕಾಣುವಷ್ಟು ಕೆರೆದು ಸಿಮೆಂಟ್ ಪೇಂಟ್ ಎರಡು ಕೋಟ್ ಹಾಕಿಸುತ್ತೇನೆ. ಸುಮಾರು 90 ಚದರಡಿ, ಐದು ಕೆಜಿಯ ಪೊಟ್ಟಣ ಧಾರಾಳ. ಕೆಂಪು ಅಥವಾ ಬೂದು ಬಣ್ಣದ ಪಟ್ಟಿಯಾಗಿ ಹಚ್ಚಿದರೆ ಸಿಡಿದ ಕೆಸರೂ ಕಾಣುವುದಿಲ್ಲ, ಎರಡು ವರ್ಷಕ್ಕೊಮ್ಮೆ ಸಾರುವೆ ಇಲ್ಲದೆ ಮನೆಯವರೇ ಹಚ್ಚಿಕೊಳ್ಳಬಹುದು.

ಉಳಿದ 450 ಚದರಡಿಗೆ ಪ್ರೈಮರ್ ಐದಾರು ಲೀಟರ್ ಬೇಕು. ಮೇಲೆ ಪ್ರೀಮಿಯಂ ಎಮಲ್ಷನ್ ಮೂರು ಕೋಟ್ ಆದರೆ 15 ಲೀಟರ್ ಹತ್ತಿರ, ಎಲಾಸ್ಟೊಮೆರಿಕ್ ಎರಡು ದಪ್ಪ ಕೋಟ್ ಆದರೆ 20 ಲೀಟರ್ ಹತ್ತಿರ. ಈ ಗೋಡೆಯಲ್ಲಿ ಬಿರುಕಿನ ಬಲೆ ಇರುವುದರಿಂದ ನಾನು ಎಲಾಸ್ಟೊಮೆರಿಕ್ ಆರಿಸುತ್ತೇನೆ. ಬಿರುಕು ಬೆರಳೆಣಿಕೆಯಷ್ಟೇ ಇದ್ದಿದ್ದರೆ ಫಿಲ್ಲರ್ ತುಂಬಿ ಎಮಲ್ಷನ್ ಮೂರು ಕೋಟ್ ಸಾಕಿತ್ತು. ಪೂರ್ತಿ ಪುಟ್ಟಿ ಎಳೆಸಿದ್ದರೆ 40 ಕೆಜಿಯ ಒಂದು ಚೀಲ, ಉಜ್ಜುವ ಕೂಲಿ ಬೇರೆ. ಆ ದುಡ್ಡು ಎರಡು ಪೇಂಟುಗಳ ನಡುವಿನ ವ್ಯತ್ಯಾಸಕ್ಕೆ ಒದಗುತ್ತದೆ. ಉಳಿದ ಮೂರು ಗೋಡೆಗೆ ತೇಪೆ ಪ್ರೈಮರ್, ಎರಡು ಕೋಟ್ ಎಮಲ್ಷನ್.

ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ. ಕೆಂಪುಕಲ್ಲು ಕುಡಿದ ನೀರನ್ನು ಬಿಡಲು ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತದೆ, ನವೆಂಬರಿನಲ್ಲೇ ಅವಸರ ಮಾಡಬೇಡಿ. ಮೇ ತಿಂಗಳಲ್ಲಿ ಹಚ್ಚಿಸಿದರೆ ಮೊದಲ ಗುಡುಗು ಮಳೆ ಹಸಿ ಪೇಂಟಿನ ಮೇಲೆಯೇ ಬೀಳಬಹುದು. ಪಡುವಣ ಗೋಡೆಗೆ ಬೆಳಿಗ್ಗೆ ನೆರಳಿರುವಾಗ ಹಚ್ಚಿಸಿ, ಮಧ್ಯಾಹ್ನ ಕಾದ ಗೋಡೆಗೆ ಬೇಡ. ಈ ವರ್ಷ ದುಡ್ಡು ಹೊಂದದಿದ್ದರೆ ಬಿರುಕು, ಪ್ಯಾರಪೆಟ್, ಸಜ್ಜಾದ ಸಂದು ಇಷ್ಟನ್ನು ಮಾತ್ರ ಮುಗಿಸಿ, ಮಳೆಗಾಲಕ್ಕೆ ಪಡುವಣಕ್ಕೆ ಮಡಲಿನ ತಟ್ಟಿ ಕಟ್ಟಿ, ಪೇಂಟನ್ನು ಮುಂದಿನ ಜನವರಿಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಬಿರುಕಿಗೆ ಮಾಡಿದ ಕೆಲಸ ಗಟ್ಟಿಯಾಗಿ ಉಳಿದಿದೆಯಾ ಅಂತಲೂ ಗೊತ್ತಾಗುತ್ತದೆ.